ಹಸಿರು ಬೆಳಕನ್ನು ನೀಲಿಯಾಗಿಸುವ ಒಂದೇ ಅಕ್ಷರ

ಅಂಬಲಿ ಮೀನಿನ ಹಸಿರು ಹೊಳೆಯುವ ಪ್ರೊಟೀನಿನಲ್ಲಿ 238 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ 66ನೆಯದು ಟೈರೋಸಿನ್. ಅದರ ಜಾಗದಲ್ಲಿ ಹಿಸ್ಟಿಡಿನ್ ಕೂರಿಸಿದರೆ ಪ್ರೊಟೀನ್ ನೀಲಿಯಾಗಿ ಹೊಳೆಯುತ್ತದೆ. ರೋಜರ್ ಸಿಯೆನ್ ಮತ್ತು ಸಂಗಡಿಗರು 1994ರಲ್ಲಿ ವರದಿ ಮಾಡಿದ ಬದಲಾವಣೆ ಇದು. ಟೈರೋಸಿನ್‌ನ ಕೋಡಾನ್ TAT, ಹಿಸ್ಟಿಡಿನ್‌ನದು CAT. ಎಂದರೆ ಇಡೀ ಜೀನಿನಲ್ಲಿ ನಾವು ಮುಟ್ಟಬೇಕಾದದ್ದು ಒಂದೇ ಅಕ್ಷರ. ನಿರ್ದಿಷ್ಟ ಸ್ಥಾನದ ರೂಪಾಂತರವನ್ನು ಕಲಿಯುವವರಿಗೆ ನಾನು ಮೊದಲು ಕೊಡುವುದು ಇದೇ ಪ್ರಯೋಗವನ್ನು. ಬೇರೆ ಪ್ರೊಟೀನುಗಳಲ್ಲಿ ಕಣ್ಣಿಗೆ ಬೀಳದ ತಪ್ಪುಗಳು ಇಲ್ಲಿ ಬಣ್ಣವಾಗಿ ತಟ್ಟೆಯ ಮೇಲೆ ಕಾಣಿಸುತ್ತವೆ.

ಮೊದಲು ಎಣಿಕೆ

ಬೋಧನಾ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಸಿಗುವ ಪಿಗ್ಲೋ ಪ್ಲಾಸ್ಮಿಡ್ ಈ ಕೆಲಸಕ್ಕೆ ಸಾಕು. ಅದರ ಉದ್ದ 5,371 ಬೇಸ್ ಜೋಡಿ. ಆಂಪಿಸಿಲಿನ್ ನಿರೋಧಕತೆ ಅದರಲ್ಲಿದೆ, ಮತ್ತು ಅರಾಬಿನೋಸ್ ಸಕ್ಕರೆ ಸಿಕ್ಕಾಗ ಮಾತ್ರ ಹೊಳೆಯುವ ಜೀನ್ ಎಚ್ಚರಗೊಳ್ಳುತ್ತದೆ. ಪ್ರೈಮರ್ ಬರೆಯುವ ಮೊದಲು ಜೀನಿನ ಅನುಕ್ರಮವನ್ನು ಎದುರಿಗಿಟ್ಟುಕೊಂಡು ATGಯಿಂದ ಮೂರು ಮೂರಾಗಿ ಎಣಿಸಿ. 66ನೇ ಕೋಡಾನ್ 196ರಿಂದ 198ನೇ ಅಕ್ಷರದವರೆಗೆ ಇರುತ್ತದೆ. ಇಷ್ಟು ಸುಲಭದ ಕೆಲಸದಲ್ಲೂ ಎಡವುವವರಿದ್ದಾರೆ. ಸಸ್ತನಿ ಕೋಶಗಳಿಗೆಂದು ಮಾರ್ಪಡಿಸಿದ ಇದೇ ಪ್ರೊಟೀನಿನ ರೂಪವಾದ ಇಜಿಎಫ್‌ಪಿಯಲ್ಲಿ ಮೊದಲ ಮೆಥಿಯೋನಿನ್ ನಂತರ ಒಂದು ಹೆಚ್ಚುವರಿ ವ್ಯಾಲಿನ್ ಇದೆ. ಆದ್ದರಿಂದ ಅಲ್ಲಿ ಕಂಪ್ಯೂಟರ್ ಕಡತ 67 ಎಂದು ತೋರಿಸುವುದೇ ಲೇಖನಗಳ 66. ಅದರ ಕೋಡಾನುಗಳೂ ಬೇರೆ; ಕೆಳಗಿನ ಪ್ರೈಮರ್ ಅಲ್ಲಿ ಕೂರುವುದಿಲ್ಲ.

ಪ್ರೈಮರ್ ಜೋಡಿ

ಇಲ್ಲಿ ಬಳಸುವ ವಿಧಾನದಲ್ಲಿ ಎರಡೂ ಪ್ರೈಮರುಗಳು ಒಂದಕ್ಕೊಂದು ಪೂರ್ಣ ಪೂರಕ. ಬದಲಾದ ಅಕ್ಷರ ಎರಡರಲ್ಲೂ ನಡುವೆ ಇರುತ್ತದೆ.

```
5'-CACTTGTCACTACTTTCTCTCATGGTGTTCAATGCTTTTC-3'
5'-GAAAAGCATTGAACACCATGAGAGAAAGTAGTGACAAGTG-3'
```

ಮೊದಲ ಸಾಲಿನಲ್ಲಿ TCTಯ ನಂತರ ಬರುವ CAT ನಮ್ಮ ಹೊಸ ಕೋಡಾನ್. ಬದಲಾದ Cಯ ಎಡಕ್ಕೆ 20, ಬಲಕ್ಕೆ 19 ಅಕ್ಷರಗಳಿವೆ. ಒಂದು ಅಕ್ಷರ ಹೊಂದದಿದ್ದರೂ ಎರಡು ಬದಿಯ ಹಿಡಿತದಿಂದ ಪ್ರೈಮರ್ ಗಟ್ಟಿಯಾಗಿ ಕೂರುತ್ತದೆ. ಈ ವಿಧಾನದ ಸೂತ್ರದ ಪ್ರಕಾರ ಕರಗುವ ತಾಪ 78 ಡಿಗ್ರಿಗೆ ಕಡಿಮೆ ಇರಬಾರದು. ಈ ಜೋಡಿಯದು ಸುಮಾರು 78.5. ನಾನು ಮೊದಲು 38 ಅಕ್ಷರಗಳಲ್ಲಿ ಬರೆದಾಗ ಸ್ವಲ್ಪ ಕಡಿಮೆ ಬಂದಿತ್ತು, ಎಡಕ್ಕೆ ಎರಡು ಅಕ್ಷರ ಸೇರಿಸಿದೆ. ಪ್ರೈಮರ್ ತರಿಸುವಾಗ ಶುದ್ಧೀಕರಿಸಿದ್ದನ್ನೇ ಕೇಳಿ. ಇಷ್ಟು ಉದ್ದದ ಪ್ರೈಮರುಗಳಲ್ಲಿ ಒಂದು ಅಕ್ಷರ ಬಿಟ್ಟುಹೋದ ತುಣುಕುಗಳೂ ಬೆರೆತಿರುತ್ತವೆ.

ಪ್ಲಾಸ್ಮಿಡ್ ಸುತ್ತಿ ಬರುವುದು

50 ಮೈಕ್ರೋಲೀಟರ್ ಮಿಶ್ರಣಕ್ಕೆ 10ರಿಂದ 50 ನ್ಯಾನೋಗ್ರಾಂ ಪ್ಲಾಸ್ಮಿಡ್ ಮತ್ತು ತಲಾ 125 ನ್ಯಾನೋಗ್ರಾಂ ಪ್ರೈಮರ್ ಹಾಕಿ. ಪಾಲಿಮರೇಸ್ ಮಾತ್ರ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಪಿಎಫ್‌ಯು ಬಗೆಯದೇ ಆಗಿರಬೇಕು, ಟ್ಯಾಕ್ ಬೇಡ. 95 ಡಿಗ್ರಿಯಲ್ಲಿ 30 ಸೆಕೆಂಡು, 55ರಲ್ಲಿ ಒಂದು ನಿಮಿಷ, ನಂತರ 68ರಲ್ಲಿ ಪ್ಲಾಸ್ಮಿಡ್ಡಿನ ಉದ್ದಕ್ಕೆ ತಕ್ಕಷ್ಟು ಹೊತ್ತು. ಕಿಲೋಬೇಸಿಗೆ ಒಂದು ನಿಮಿಷ ಎಂದು ಕಿಣ್ವದ ಕೈಪಿಡಿ ಹೇಳಿದರೆ ಇಲ್ಲಿ ಐದೂವರೆ ನಿಮಿಷ. ಒಂದು ಅಕ್ಷರದ ಬದಲಾವಣೆಗೆ 12 ಸುತ್ತು ಸಾಕು.

ಸುತ್ತುಗಳನ್ನು ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಇದು ಸಾಮಾನ್ಯ ಪಿಸಿಆರ್‌ನಂತೆ ಪ್ರತಿ ಸುತ್ತಿಗೂ ಇಮ್ಮಡಿಯಾಗುವುದಿಲ್ಲ. ಹೊಸ ಎಳೆಯ ಎರಡೂ ತುದಿಗಳು ಪ್ರೈಮರ್ ಕೂರುವ ಜಾಗದಲ್ಲೇ ತುಂಡಾಗಿರುವುದರಿಂದ ಹೊಸ ಎಳೆ ಮತ್ತೆ ಅಚ್ಚಾಗುವುದಿಲ್ಲ. ನಕಲುಗಳೆಲ್ಲ ಮೂಲ ಪ್ಲಾಸ್ಮಿಡ್ಡಿನಿಂದಲೇ ಬರಬೇಕು. ಸುತ್ತು ಹೆಚ್ಚಿಸಿದರೆ ಬೇಡದ ತಪ್ಪುಗಳೂ ಹೆಚ್ಚುತ್ತವೆ.

ಮೂಲವನ್ನು ಅಳಿಸುವುದು

ಈಗ ಕೊಳವೆಯಲ್ಲಿ ಹಳೆಯದು ಹೊಸದು ಎರಡೂ ಇವೆ. ಇವನ್ನು ಬೇರ್ಪಡಿಸುವ ಉಪಾಯ ನನಗೆ ಈಗಲೂ ಅಚ್ಚರಿಯೇ. ಬ್ಯಾಕ್ಟೀರಿಯಾದೊಳಗೆ ಬೆಳೆದ ಪ್ಲಾಸ್ಮಿಡ್ಡಿನ GATC ಎಂಬ ಜಾಗಗಳಲ್ಲಿ Aಗೆ ಮೀಥೈಲ್ ಗುರುತು ಅಂಟಿರುತ್ತದೆ. ಕೊಳವೆಯಲ್ಲಿ ಹುಟ್ಟಿದ ಡಿಎನ್‌ಎಗೆ ಆ ಗುರುತಿಲ್ಲ. ಡಿಪಿಎನ್-1 ಎಂಬ ಕಿಣ್ವ ಗುರುತಿದ್ದಲ್ಲಿ ಕತ್ತರಿಸುತ್ತದೆ. ಒಂದು ಮೈಕ್ರೋಲೀಟರ್, ಅಂದರೆ 10 ಯೂನಿಟ್ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಬಿಡಿ.

ಮೂಲ ಪ್ಲಾಸ್ಮಿಡ್ ಯಾವ ತಳಿಯಿಂದ ಬಂದಿತು ಎಂಬುದು ಇಲ್ಲಿ ಮುಖ್ಯ. ಡಿಎಚ್5 ಆಲ್ಫಾದಿಂದ ತೆಗೆದದ್ದಕ್ಕೆ ಗುರುತಿರುತ್ತದೆ. ಜೆಎಂ110ರಂತಹ, ಆ ಗುರುತು ಹಾಕುವ ಡ್ಯಾಮ್ ಕಿಣ್ವವಿಲ್ಲದ ತಳಿಯದಾದರೆ ಗುರುತಿರದು, ಕತ್ತರಿಯೂ ಆಡದು. ಪಾಲಿಮರೇಸ್ ಹಾಕದ, ಉಳಿದೆಲ್ಲವೂ ಇರುವ ಇನ್ನೊಂದು ಕೊಳವೆಯನ್ನು ಜೊತೆಯಲ್ಲೇ ನಡೆಸಿ. ಅದರ ತಟ್ಟೆಯಲ್ಲಿ ಕಾಲನಿಗಳು ತುಂಬಿದರೆ ಮೂಲ ಅಳಿದಿಲ್ಲ ಎಂದರ್ಥ.

ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಕಣ್ಣಿನಿಂದ ನೋಡಿ

ಎರಡರಿಂದ ಐದು ಮೈಕ್ರೋಲೀಟರನ್ನು 50 ಮೈಕ್ರೋಲೀಟರ್ ಸಿದ್ಧಕೋಶಗಳಿಗೆ ಹಾಕಿ: ಮಂಜುಗಡ್ಡೆಯಲ್ಲಿ ಅರ್ಧ ಗಂಟೆ, 42 ಡಿಗ್ರಿಯಲ್ಲಿ 45 ಸೆಕೆಂಡು, ನಂತರ ಎಲ್‌ಬಿ ದ್ರವದಲ್ಲಿ ಒಂದು ಗಂಟೆ. ಪ್ಲಾಸ್ಮಿಡ್ಡಿನ ಉಂಗುರದಲ್ಲಿ ಉಳಿದ ಸೀಳನ್ನು ಜೀವಕೋಶವೇ ಬೆಸೆಯುತ್ತದೆ. ಆಂಪಿಸಿಲಿನ್ ಮತ್ತು ಅರಾಬಿನೋಸ್ ಎರಡೂ ಇರುವ ಅಗರ್ ತಟ್ಟೆಯ ಮೇಲೆ ಹರಡಿ.

ಮರುದಿನ ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದು, ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿ ನೋಡಿ. ಹಸಿರಾಗಿ ಹೊಳೆಯುವುದು ಅಳಿಯದೆ ಉಳಿದ ಮೂಲ. ನೀಲಿ ನಮ್ಮದು, ಆದರೆ ಮಂದ ಬೆಳಕು. ದೀಪದಡಿ ಬೇಗ ಬಾಡುತ್ತದೆ, ಆದ್ದರಿಂದ ಗುರುತು ಹಾಕಲು ತಡ ಮಾಡಬೇಡಿ. ಹೊಳೆಯದೆ ಬೆಳ್ಳಗೆ ಉಳಿದ ಕಾಲನಿಗಳಲ್ಲಿ ಪ್ರೈಮರಿನ ಜಾಗದಲ್ಲಿ ಒಂದು ಅಕ್ಷರ ಬಿಟ್ಟುಹೋಗಿ ಓದಿನ ಚೌಕಟ್ಟು ಜಾರಿರಬಹುದು, ಅಥವಾ ಪ್ರೈಮರ್ ಎರಡು ಬಾರಿ ಒಂದರ ಹಿಂದೊಂದು ಸೇರಿರಬಹುದು.

ಅನುಕ್ರಮ ಓದುವುದು

ನೀಲಿ ಕಂಡ ಮೇಲೆ ಸೀಕ್ವೆನ್ಸಿಂಗ್ ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. 66ನೇ ಜಾಗ ಬದಲಾಗಿದೆ ಎಂದಷ್ಟೇ ಬಣ್ಣ ಹೇಳುತ್ತದೆ. ಉಳಿದ 237 ಜಾಗಗಳು ಹಾಗೆಯೇ ಇವೆಯೆಂದು ಅದು ಹೇಳದು. ಪ್ರೊಟೀನಿನ ಹೊರಮೈಯಲ್ಲಿ ಇನ್ನೊಂದು ಅಮೈನೋ ಆಮ್ಲ ಬದಲಾಗಿದ್ದರೂ ಅದು ನೀಲಿಯಾಗಿಯೇ ಹೊಳೆಯಬಹುದು.

ಮೂರು ನಾಲ್ಕು ನೀಲಿ ಕಾಲನಿಗಳಿಂದ ಪ್ಲಾಸ್ಮಿಡ್ ತೆಗೆದು ಸ್ಯಾಂಗರ್ ವಿಧಾನಕ್ಕೆ ಕಳುಹಿಸಿ. ಓದಿನ ಮೊದಲ 30ರಿಂದ 50 ಅಕ್ಷರಗಳು ಅಸ್ಪಷ್ಟ, ಆದ್ದರಿಂದ ಪ್ರೈಮರ್ ಜೀನಿಗಿಂತ ಕನಿಷ್ಠ 60–80 ಅಕ್ಷರ ಹಿಂದಿರಬೇಕು. ಜೀನಿನ ಉದ್ದ 717 ಅಕ್ಷರ. ಒಂದು ಓದಿನ ಕೊನೆ ಅಲ್ಲಿಗೆ ಮಸುಕಾಗತೊಡಗುವುದರಿಂದ ಎರಡೂ ದಿಕ್ಕಿನಿಂದ ಓದಿಸಿ. ಮೂಲದೊಡನೆ ಸಾಲಾಗಿ ಜೋಡಿಸಿದಾಗ ಹೀಗೆ ಕಾಣಬೇಕು:

```
ACT TTC TCT TAT GGT GTT CAA   ಮೂಲ
ACT TTC TCT CAT GGT GTT CAA   ಹೊಸದು
```

ಅಕ್ಷರಗಳ ಪಟ್ಟಿಯನ್ನು ಮಾತ್ರ ನಂಬಬೇಡಿ, ಏರಿಳಿತದ ಗೆರೆಚಿತ್ರವನ್ನು ತೆರೆಯಿರಿ. 196ನೇ ಜಾಗದಲ್ಲಿ ಒಂದೇ ಶುದ್ಧ C ಶಿಖರವಿರಬೇಕು. ಅದರಡಿಯಲ್ಲಿ ಪುಟ್ಟ T ಶಿಖರ ಅಡಗಿದ್ದರೆ ಎರಡು ಪ್ಲಾಸ್ಮಿಡ್‌ಗಳು ಬೆರೆತಿವೆ; ತಂತ್ರಾಂಶ ಎತ್ತರದ ಶಿಖರವನ್ನಷ್ಟೇ ಬರೆದಿರುತ್ತದೆ. ಆ ಪ್ಲಾಸ್ಮಿಡ್ಡನ್ನು ತೀರ ಕಡಿಮೆ ಪ್ರಮಾಣದಲ್ಲಿ ಮತ್ತೆ ಕೋಶಗಳಿಗೆ ಸೇರಿಸಿ ಒಂಟಿ ಕಾಲನಿ ಆರಿಸಿ. ಬೇರೆಡೆ ವ್ಯತ್ಯಾಸ ಕಂಡರೆ ಮೊದಲು ಅಲ್ಲಿಯ ಶಿಖರ ಸ್ಪಷ್ಟವಿದೆಯೇ, ಎದುರು ದಿಕ್ಕಿನ ಓದೂ ಅದನ್ನೇ ಹೇಳುತ್ತದೆಯೇ ನೋಡಿ. ಎರಡೂ ಹೌದು ಎಂದರೆ ಆ ಕ್ಲೋನ್ ಬಿಡಿ.

ಇಷ್ಟಾದರೂ ನಾವು ಓದಿದ್ದು ಜೀನನ್ನು ಮಾತ್ರ. ಪಾಲಿಮರೇಸ್ ನಕಲು ಮಾಡಿದ್ದು 5,371 ಅಕ್ಷರಗಳನ್ನೂ. ಎರಡು ಪ್ರೊಟೀನುಗಳ ಹೊಳಪನ್ನು ಅಳೆದು ಹೋಲಿಸುವ ಉದ್ದೇಶವಿದ್ದರೆ, ಪರೀಕ್ಷಿಸಿದ ಜೀನನ್ನು ಕತ್ತರಿಸಿ ತೆಗೆದು, ಈ ಸುತ್ತುಗಳಿಗೆ ಒಳಗಾಗದ ಹೊಸ ಪ್ಲಾಸ್ಮಿಡ್ಡಿಗೆ ಸೇರಿಸಿ, ಬೆಸೆದ ಎರಡು ತುದಿಗಳನ್ನು ಇನ್ನೊಮ್ಮೆ ಓದಿಸಿ.