ಮೂರನೇ ಹಾರ್ಮೋನಿಕ್ ಎಲ್ಲಿ ಹೋಯಿತು?

ಹಾಸನದಲ್ಲಿ ನಾನು ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಸ್ಪೀಕರ್ ಪರೀಕ್ಷೆಗೆ ಒಂದು ಚೌಕ ಅಲೆ ಬೇಕಿತ್ತು. 555 ಐಸಿ ಹಾಕಿ, ಎರಡೂ ಕಡೆ 10 ಕಿಲೋ ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿದೆ. ಲೆಕ್ಕದ ಪ್ರಕಾರ 480 ಹರ್ಟ್ಜ್ ಬರಬೇಕು, ಹೆಚ್ಚುಕಡಿಮೆ ಅಷ್ಟೇ ಬಂತು.

ಚೌಕ ಅಲೆ ಅಂದರೆ ಒಂದು ಮೂಲ ಸೈನ್ ಅಲೆ, ಅದರ ಜೊತೆ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ಆವರ್ತನದ ಅಲೆಗಳು, ಅಂದರೆ ಹಾರ್ಮೋನಿಕ್‌ಗಳು. ಮೂರನೆಯದರ ಎತ್ತರ ಮೂಲದ ಮೂರನೇ ಒಂದು, ಐದನೆಯದು ಐದನೇ ಒಂದು. ಎರಡು, ನಾಲ್ಕು, ಆರು ಇರುವುದೇ ಇಲ್ಲ. ನಾನು ನಂಬಿದ್ದು ಇದನ್ನೇ.

100 ಕಿಲೋ ಮತ್ತು 1 ಕಿಲೋ ಓಮ್ ರೆಸಿಸ್ಟರ್‌ಗಳಿಂದ ವೋಲ್ಟೇಜ್ ತಗ್ಗಿಸಿ ಲ್ಯಾಪ್‌ಟಾಪ್‌ಗೆ ಕೊಟ್ಟು, Audacity ಯಲ್ಲಿ ರೆಕಾರ್ಡ್ ಮಾಡಿ, ಯಾವ ಆವರ್ತನ ಎಷ್ಟು ಜೋರಿದೆ ಎಂದು ತೋರಿಸುವ Plot Spectrum ತೆರೆದೆ. 960ರಲ್ಲಿ ದೊಡ್ಡ ಶಿಖರ! ಇರಬೇಕಾದ 1440ರಲ್ಲಿ ಬಹುತೇಕ ಏನೂ ಇಲ್ಲ. ಸುಮ್ನೆ ಎರಡು ಸಲ ವೈರಿಂಗ್ ಬಿಚ್ಚಿ ಕಟ್ಟಿದೆ.

ತಪ್ಪು ವೈರಿಂಗ್‌ನಲ್ಲಿ ಇರಲಿಲ್ಲ. 555ರಲ್ಲಿ ಕೆಪಾಸಿಟರ್ ತುಂಬುವಾಗ ಎರಡೂ ರೆಸಿಸ್ಟರ್ ದಾಟುತ್ತದೆ, ಖಾಲಿಯಾಗುವಾಗ ಒಂದನ್ನೇ. ರೆಸಿಸ್ಟರ್‌ಗಳು ಸಮ ಇದ್ದರೆ ಅಲೆ ಮೂರರಲ್ಲಿ ಎರಡು ಪಾಲು ಹೊತ್ತು ಮೇಲಿರುತ್ತದೆ, ಒಂದು ಪಾಲು ಕೆಳಗೆ. ಸಮ ಹಾರ್ಮೋನಿಕ್‌ಗಳು ಸೊನ್ನೆ ಆಗುವುದು ಮೇಲೆ, ಕೆಳಗೆ ಅರ್ಧರ್ಧ ಇದ್ದಾಗ ಮಾತ್ರ. ಮೇಲಿರುವ ಪಾಲನ್ನು d ಅಂದರೆ, n ನೇ ಹಾರ್ಮೋನಿಕ್‌ನ ಎತ್ತರ ಹೀಗೆ ಹೋಗುತ್ತದೆ:

```
|sin(π n d)| / n
```

d = 2/3 ಹಾಕಿ ನೋಡಿ. n = 3 ಆದಾಗ ಸೊನ್ನೆ. n = 2 ಆದಾಗ ಮೂಲದ ಸರಿಯಾಗಿ ಅರ್ಧ. ಪರದೆಯ ಮೇಲೆ ಕಂಡದ್ದು ಇದೇ ಅಲ್ವಾ!

ರೆಸಿಸ್ಟರ್ ಬದಲಿಸಿ ಸರಿಮಾಡುವ ಗೋಜಿಗೆ ಹೋಗಲಿಲ್ಲ. 555ರ ಔಟ್‌ಪುಟ್‌ ಅನ್ನು 4013 ಫ್ಲಿಪ್‌ಫ್ಲಾಪ್‌ನ ಕ್ಲಾಕ್‌ಗೆ ಕೊಟ್ಟು, ಅದರ Q̅ ಅನ್ನು D ಗೆ ಕಟ್ಟಿ, ಸೆಟ್ ಮತ್ತು ರಿಸೆಟ್ ಎರಡನ್ನೂ ಗ್ರೌಂಡ್ ಮಾಡಿದೆ. ಅದು ಏರುವ ಅಂಚಿಗೆ ಮಾತ್ರ ಮಗುಚುತ್ತದೆ, ಹಾಗಾಗಿ ಎರಡು ಪಾಲೂ ಸಮ. ಆವರ್ತನ ಅರ್ಧವಾಗಿ 240ಕ್ಕೆ ಇಳಿಯಿತು. ಈಗ 480 ಖಾಲಿ, 720 ಮತ್ತು 1200 ಎದ್ದು ನಿಂತವು.

ಧ್ವನಿಯೂ ಬದಲಾಯಿತು. ಮೊದಲಿನದು ಮೂಗಿನಿಂದ ಬಂದಂತಿತ್ತು, ಇದು ಒಳಗೆ ಪೊಳ್ಳು ಇದ್ದಂತೆ. ಅರಕಲಗೂಡಿನಿಂದ ಬಂದಿದ್ದ ನಮ್ಮ ಮಾವ ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರಿನೆಟ್ ಊದುತ್ತಾರೆ. ಕೇಳಿದ ಕೂಡಲೇ, “ಇದು ನಮ್ ಕ್ಲಾರಿನೆಟ್‌ನ ಕೆಳಗಿನ ಸ್ವರದ ಥರ ಇದೆಯಲ್ಲೋ” ಅಂದರು. ಕ್ಲಾರಿನೆಟ್ ಒಂದು ತುದಿ ಮುಚ್ಚಿದ ನೇರ ಕೊಳವೆ, ಅದರ ಕೆಳಗಿನ ಸ್ವರಗಳಲ್ಲಿ ಬೆಸ ಹಾರ್ಮೋನಿಕ್‌ಗಳದೇ ಜೋರು. ಮೇಲಿನ ಸ್ವರಗಳಿಗೆ ಹೋದಂತೆ ಸಮ ಹಾರ್ಮೋನಿಕ್‌ಗಳೂ ನುಗ್ಗುತ್ತವೆ, ಆಗ ಈ ಹೋಲಿಕೆ ಉಳಿಯುವುದಿಲ್ಲ.

“ಮಾವ, ಕೆಳಗಿನ ಸ ಊದಿ ಮೇಲಿನ ಕೀ ಒತ್ತಿದರೆ ಮೇಲಿನ ಸ ಬರುತ್ತದಾ?” ಅಂತ ಕೇಳಿದೆ.

“ಕೊಳಲಲ್ಲಾದರೆ ಸ. ಇದರಲ್ಲಿ ಮೇಲಿನ ಪ ಬರುತ್ತೆ,” ಅಂದರು. 240 ಸ ಆದರೆ, ಮೇಲಿನ ಸ್ಥಾಯಿಯ ಪ 720. ನನ್ನ ಪರದೆಯಲ್ಲಿ ಮೊದಲು ಕಾಣೆಯಾಗಿ, ಈಗ ಎದ್ದು ನಿಂತಿದ್ದ ಮೂರನೇ ಹಾರ್ಮೋನಿಕ್‌ನ ಶಿಖರವೇ ಅದು.