ಪೂಜಾರ್ತಿ ಮತ್ತು ಎಸ್.: ಅಕ್ಕನ ಕುಟುಂಬ ಪಿಂಚಣಿ ಆರಂಭ ಮಾಡಿಸಿದ ಬಗೆ

ಪಿಂಚಣಿ ಪಾವತಿ ಆದೇಶ, ಅಂದರೆ ಪಿ.ಪಿ.ಒ.ದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ, ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ ತಿದ್ದುಪಡಿ ಬರುವವರೆಗೆ ಕುಟುಂಬ ಪಿಂಚಣಿ ಆರಂಭವಾಗುವುದಿಲ್ಲ ಎಂದು ನಮ್ಮ ನಿವೃತ್ತರ ಬಳಗದಲ್ಲಿ ಬಹುತೇಕ ಎಲ್ಲರೂ ಹೇಳಿದ್ದರು. ತಿದ್ದುಪಡಿಗೆ ಬರೆಯದೆಯೇ ಅಕ್ಕನ ಖಾತೆಗೆ ಹಣ ಜಮೆಯಾಗಿರುವುದರಿಂದ ಇದನ್ನು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಭಾವ ಉಡುಪಿ ತಾಲ್ಲೂಕಿನ ಸರಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, 60ಕ್ಕೆ ನಿವೃತ್ತರಾಗಿ, 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಿ.ಪಿ.ಒ.ದಲ್ಲಿ ಪತ್ನಿಯ ಹೆಸರು ‘ಗಿರಿಜಾ ಪೂಜಾರ್ತಿ’ ಎಂದೂ, ಆಧಾರ್ ಮತ್ತು ಬ್ಯಾಂಕಿನಲ್ಲಿ ‘ಗಿರಿಜಾ ಎಸ್.’ ಎಂದೂ ಇತ್ತು (ಇಲ್ಲಿ ಹೆಸರು ಬದಲಿಸಿದ್ದೇನೆ). ಹಳೆಯ ದಾಖಲೆಗಳಲ್ಲಿ ಪೂಜಾರ್ತಿ, ಶೆಡ್ತಿ ಎಂದು ಬರೆಸಿ, ಆಧಾರ್ ಮಾಡಿಸುವಾಗ ಅದನ್ನು ಬಿಟ್ಟವರು ನಮ್ಮ ಕಡೆ ಮನೆಗೊಬ್ಬರಾದರೂ ಸಿಗುತ್ತಾರೆ.

ಮೊದಲ ಅರ್ಜಿಯನ್ನು ಮಧ್ಯವರ್ತಿಯೊಬ್ಬರು ಮಾಡಿಕೊಟ್ಟಿದ್ದರು. ನೋಟರಿ ಅಫಿಡವಿಟ್ ಮತ್ತು ಪತ್ರಿಕಾ ಪ್ರಕಟಣೆಗೆಂದು ಐದು ಸಾವಿರದ ಹತ್ತಿರ ತೆಗೆದುಕೊಂಡಿದ್ದರೂ, ‘ಹೆಸರಿನಲ್ಲಿ ವ್ಯತ್ಯಾಸ’ ಎಂಬ ಒಂದೇ ಸಾಲಿನ ಷರಾದೊಂದಿಗೆ ಅದು ಹಿಂದಿರುಗಿತು. ಕಾರಣ ಸರಳವಾಗಿದೆ: ಅಫಿಡವಿಟ್ ಆಗಲಿ, ಪ್ರಕಟಣೆಯಾಗಲಿ ಅರ್ಜಿದಾರಳು ಈಗ ತಾನೇ ಹೇಳುವ ಮಾತು. ಮೇಜಿನಲ್ಲಿ ಕುಳಿತವರಿಗೆ ಬೇಕಾದದ್ದು ಪಿಂಚಣಿದಾರ ಬದುಕಿದ್ದಾಗಲೇ, ಬೇರೆ ಕೈಯಿಂದ ಹುಟ್ಟಿದ ಕಾಗದ.

ಆದ್ದರಿಂದ ನಾನು ಎರಡು ಹೆಸರುಗಳ ನಡುವೆ ಸೇತುವೆಯಾಗಬಲ್ಲ ದಾಖಲೆಗಳನ್ನು ಹುಡುಕಿದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಭಾವನ ಸೇವಾ ಪುಸ್ತಕದಲ್ಲಿದ್ದ ಕುಟುಂಬ ವಿವರದ ದೃಢೀಕೃತ ಪ್ರತಿ ಪಡೆದೆ. ಅದರಲ್ಲಿ ‘ಪೂಜಾರ್ತಿ’ ಎಂಬ ಹೆಸರಿನ ಜೊತೆಗೆ ಅಕ್ಕನ ಜನ್ಮದಿನಾಂಕವೂ ಇತ್ತು, ಅದೇ ದಿನಾಂಕ ಆಧಾರ್‌ನಲ್ಲಿಯೂ ಇತ್ತು. ಎರಡನೆಯದು ಜಂಟಿ ಖಾತೆಯ ಪಾಸ್‌ಬುಕ್. ಮೊದಲ ಪುಟದಲ್ಲಿ ಭಾವ ಮತ್ತು ‘ಗಿರಿಜಾ ಎಸ್.’, ಒಳಪುಟಗಳಲ್ಲಿ ತಿಂಗಳು ತಿಂಗಳಿಗೂ ಪಿಂಚಣಿ ಜಮೆ. ಮೂರನೆಯದು ನಿವೃತ್ತಿಯ ಕಾಲದಲ್ಲಿ ಪಿಂಚಣಿ ಕಡತಕ್ಕೆ ಕೊಟ್ಟಿದ್ದ, ಕಚೇರಿ ಮುಖ್ಯಸ್ಥರು ದೃಢೀಕರಿಸಿದ ಜಂಟಿ ಭಾವಚಿತ್ರ. ಅಕ್ಕನ ಎಡ ಹುಬ್ಬಿನ ಮೇಲಿನ ಕಲೆಯನ್ನು ಗುರುತಿನ ಚಿಹ್ನೆಯಾಗಿ ಅಲ್ಲಿಯೇ ಬರೆದಿದ್ದರು. ಅಕ್ಕನನ್ನು ಎದುರಿಗೆ ಕರೆದುಕೊಂಡು ಹೋದ ದಿನ ಅಧಿಕಾರಿ ನೋಡಿದ್ದು ಅದನ್ನೇ.

ಅರ್ಜಿಯಲ್ಲಿ ಮೊದಲಿನಿಂದ ಕೊನೆಯವರೆಗೂ, ಸಹಿಯ ಕೆಳಗೆ ಕೂಡ, ‘ಗಿರಿಜಾ ಪೂಜಾರ್ತಿ ಯಾನೆ ಗಿರಿಜಾ ಎಸ್.’ ಎಂದೇ ಬರೆದೆ. ಜಾಗದ ಪತ್ರಗಳಲ್ಲಿ ಬಳಸುವ ಕ್ರಮ ಪಿಂಚಣಿಗೆ ನಡೆಯದು ಎಂದು ನಕ್ಕವರು ಈಗ ಅದರ ಪ್ರತಿ ಕೇಳುತ್ತಿದ್ದಾರೆ. ಮುಖಪುಟದ ಒಕ್ಕಣೆಯನ್ನು ಮಾತ್ರ ನಾನು ಇಲ್ಲಿ ಕೊಡುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ. ಮರಣ ಪ್ರಮಾಣ ಪತ್ರ, ಪಿ.ಪಿ.ಒ. ಮೂಲ ಪ್ರತಿ, ಮರುವಿವಾಹವಾಗಿಲ್ಲವೆಂಬ ಘೋಷಣೆ, ಹೆಚ್ಚು ಪಾವತಿಯಾದರೆ ಹಿಂದಿರುಗಿಸುವ ಮುಚ್ಚಳಿಕೆ ಇವು ಎಲ್ಲರಿಗೂ ಗೊತ್ತಿರುವವೇ. ಎರಡನೆಯ ಸಲದ ಖರ್ಚು ಜೆರಾಕ್ಸ್, ಆಟೋ ಸೇರಿ ಎಂಟುನೂರು ದಾಟಿರಲಿಕ್ಕಿಲ್ಲ.

ಈ ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಬೀಡಿ ಕಟ್ಟಿ ಅಕ್ಕನ ಬೆರಳಿನ ಗೆರೆಗಳು ಸವೆದಿರುವುದರಿಂದ ಯಂತ್ರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸುವ ವಿಧಾನ ಅಂಗಳದ ಬೆಳಕಿನಲ್ಲಿ ಸುಲಭವಾಗಿ ನಡೆಯಿತು. ಆದರೆ ಮಂಜೂರಾತಿಗೆ ಮೊದಲು ಅದರಿಂದ ಪ್ರಯೋಜನವಾಗಲಿಲ್ಲ, ಕಾಗದದ ಜೀವಿತ ಪ್ರಮಾಣ ಪತ್ರವನ್ನೇ ಕೊಡಬೇಕಾಯಿತು.

ಮಂಜೂರಾದ ಮೇಲೂ ಲೆಕ್ಕ ನೋಡದೆ ಬಿಡಬಾರದು. ಭಾವನ ಕೊನೆಯ ವೇತನ, ನಂತರದ ಪರಿಷ್ಕರಣೆಯೂ ಸೇರಿ, ಅಂದಾಜು 48,000. ಪಿಂಚಣಿ ಅದರ ಅರ್ಧ, 24,000. ಅದರಲ್ಲಿ 8,000ವನ್ನು ಅವರು ಪರಿವರ್ತಿಸಿಕೊಂಡಿದ್ದರು, ಅಂದರೆ ಅಷ್ಟು ಪಾಲನ್ನು ತಿಂಗಳು ತಿಂಗಳು ಪಡೆಯುವ ಬದಲು ಮೊದಲೇ ಇಡುಗಂಟಾಗಿ ಪಡೆದಿದ್ದರು. 15 ವರ್ಷ ತುಂಬದ ಕಾರಣ ಆ ಕಡಿತ ಇನ್ನೂ ನಡೆಯುತ್ತಿತ್ತು. 71ನೆಯ ವಯಸ್ಸಿನಲ್ಲಿ ತೀರಿಕೊಂಡದ್ದರಿಂದ, ಬೇಗ ತೀರಿಕೊಂಡವರ ಕುಟುಂಬಕ್ಕೆ ಕೊಡುವ ಹೆಚ್ಚಿನ ದರ ಅನ್ವಯಿಸುವುದಿಲ್ಲ, ಆದುದರಿಂದ ಕುಟುಂಬ ಪಿಂಚಣಿ 48,000ದ ಶೇಕಡಾ 30, ಅಂದರೆ 14,400 ಮತ್ತು ಅದರ ಮೇಲೆ ತುಟ್ಟಿಭತ್ಯೆ. ಮೊದಲ ಲೆಕ್ಕದ ಹಾಳೆಯಲ್ಲಿ ಮೂಲ ಮೊತ್ತವನ್ನು 6,400 ಎಂದು ತೋರಿಸಿದ್ದರು. ಸತ್ತವರ ಪರಿವರ್ತನೆಯ ಕಡಿತವನ್ನು ಹೆಂಡತಿಯ ಮೇಲೂ ಹೊರಿಸಿದ್ದರು. ಪರಿವರ್ತನೆಯ ಕಡಿತ ಪಿಂಚಣಿದಾರನ ಮರಣದೊಂದಿಗೆ ಮುಗಿಯುತ್ತದೆ, ಕುಟುಂಬ ಪಿಂಚಣಿಗೆ ಅದು ಅನ್ವಯಿಸುವುದಿಲ್ಲ ಎಂದು ಎರಡು ವಾಕ್ಯದ ಪತ್ರ ಕೊಟ್ಟ ನಂತರ ಸರಿಪಡಿಸಿದರು.

ಭಾವ ತೀರಿಕೊಂಡದ್ದು ತಿಂಗಳ 9ರಂದು, ಆದರೆ ಆ ತಿಂಗಳ ಪೂರ್ಣ ಪಿಂಚಣಿ ಜಮೆಯಾಗಿತ್ತು. ಮರಣದ ದಿನವೂ ಸೇರಿ ಮೊದಲ ಒಂಬತ್ತು ದಿನಗಳ ಹಣ ಅವರದೇ. 10ರಿಂದ ಅಕ್ಕನ ಕುಟುಂಬ ಪಿಂಚಣಿ ಆರಂಭ. ಎ.ಟಿ.ಎಂ.ನಿಂದ ತೆಗೆಯದೆ ಹಾಗೆಯೇ ಬಿಟ್ಟಿದ್ದ ಆ ಮೊತ್ತದಲ್ಲಿ ಹೆಚ್ಚಾದದ್ದನ್ನಷ್ಟೇ ಹಿಡಿದುಕೊಂಡು, ಬಾಕಿಯನ್ನು ಒಂದೇ ಕಂತಿನಲ್ಲಿ ಜಮೆ ಮಾಡಿದರು.