ತ್ರಿಪತಾಕದ ಕಿರುಬೆರಳು ಫೋಟೋದಲ್ಲಿ ಅಡಗಿಕೊಂಡಿತ್ತು

ತ್ರಿಪತಾಕ ಅಂದರೆ ಉಂಗುರಬೆರಳನ್ನು ಮಡಿಸಿ ಕಿರುಬೆರಳನ್ನು ನೆಟ್ಟಗೆ ಇಡುವ ನೃತ್ಯದ ಹಸ್ತಮುದ್ರೆ. ನನ್ನ ತ್ರಿಪತಾಕ ಹಸ್ತದ ಫೋಟೋಗಳನ್ನು ವಾರವಾರ ಹೋಲಿಸುತ್ತಿದ್ದೆ. ಎಲ್ಲದರಲ್ಲೂ ಕಿರುಬೆರಳು ನೆಟ್ಟಗೇ ಇತ್ತು, ಆದರೂ ಗುರುಗಳು "ಬಾಗಿದೆ" ಅನ್ನುತ್ತಿದ್ದರು. ಕಾರಣ ಸಿಕ್ಕಿದ್ದು ತಡವಾಗಿ. ಅಂಗೈಗೆ ಎದುರಿನಿಂದ ತೆಗೆದರೆ ಬೆರಳು ಕ್ಯಾಮೆರಾ ಕಡೆಗೇ ಬಾಗುತ್ತದೆ. ಆಗ ಅದು ಸ್ವಲ್ಪ ಗಿಡ್ಡವಾಗಿ ಕಾಣುತ್ತದೆಯೇ ಹೊರತು ಬಾಗಿದಂತೆ ಕಾಣುವುದಿಲ್ಲ.

ಈಗ ಫೋನನ್ನು ಕೈ ಎತ್ತರಕ್ಕೇ ನಿಲ್ಲಿಸಿ, ಟೈಮರ್ ಇಟ್ಟು, ಕಿರುಬೆರಳಿನ ಪಕ್ಕದಿಂದಲೂ ಒಂದು ಫೋಟೋ ತೆಗೆಯುತ್ತೇನೆ. ಅದರ ಮೇಲೆ ಬೆರಳಿನ ಬುಡದಿಂದ ತುದಿಗೆ ಗೆರೆ ಎಳೆದೆ. ನಡುಗೆಣ್ಣು ಗೆರೆಯಾಚೆ ಉಬ್ಬಿತ್ತು! ಉಂಗುರಬೆರಳು ಮಡಿಸಿದಾಗ ಪಕ್ಕದ್ದೂ ಜೊತೆಗೆ ಎಳೆದುಕೊಂಡು ಬರುತ್ತಿತ್ತು. ಇನ್ನೊಂದು ಕೈಯಿಂದ ಕಿರುಬೆರಳನ್ನು ನೆಟ್ಟಗೆ ಹಿಡಿದು, ಉಂಗುರಬೆರಳನ್ನಷ್ಟೇ ನಿಧಾನವಾಗಿ ಮಡಿಸುತ್ತಾ ಬಂದೆ. ಮೊನ್ನೆಯ ಫೋಟೋದಲ್ಲಿ ಗೆಣ್ಣು ಗೆರೆಯ ಮೇಲೇ ಕೂತಿದೆ. ಹೆಬ್ಬೆರಳು ಮಾತ್ರ ಇನ್ನೂ ತಂಟೆ ಮಾಡುತ್ತಿದೆ.